ಸಾವಿರ ಮಕ್ಕಳು, 172 ಮಕ್ಕಳ ಬಲ

ಕೀನ್ಯಾದ ಬುಸಿಯಾದಲ್ಲಿ 1998ರಲ್ಲಿ ಜಂತುಹುಳು ಮಾತ್ರೆಯ ಪ್ರಯೋಗ ನಡೆದಾಗ ಗುಂಪುಗಳಿಗೆ ಹಂಚಿದ್ದು ಮಕ್ಕಳನ್ನಲ್ಲ, 75 ಶಾಲೆಗಳನ್ನು. ಒಬ್ಬನ ಹುಳು ಹೋದರೆ ಪಕ್ಕದವನಿಗೆ ಅಂಟುವುದೂ ತಗ್ಗುತ್ತದಲ್ಲ!

ಆದರೆ ಹೀಗೆ ಹಂಚಿದಾಗ ಲೆಕ್ಕ ಜಟಿಲವಾಗುತ್ತದೆ. ಒಂದೇ ಶಾಲೆಯ ಮಕ್ಕಳಿಗೆ ಅದೇ ಮೇಷ್ಟ್ರು, ಅದೇ ಊರು; ಅಂಕಗಳೂ ಒಂದಕ್ಕೊಂದು ಹೋಲುತ್ತವೆ. ಅಂಕಗಳ ಒಟ್ಟು ಏರಿಳಿತದಲ್ಲಿ ಶಾಲೆ ಶಾಲೆಗಳ ನಡುವಿನ ಅಂತರದ ಪಾಲೆಷ್ಟು ಎಂಬುದೇ ಗುಂಪಿನೊಳಗಿನ ಸಹಸಂಬಂಧ, ಅಂದರೆ ಐಸಿಸಿ.

ಉದಾಹರಣೆಗೆ 40 ಶಾಲೆ, ತಲಾ 25 ಮಕ್ಕಳು, ಐಸಿಸಿ 0.2 ಎಂದುಕೊಳ್ಳಿ. ವಿನ್ಯಾಸದ ಪರಿಣಾಮ ಹೀಗೆ:

1 + (25 − 1) × 0.2 = 5.8

ಸಾವಿರವನ್ನು ಇದರಿಂದ ಭಾಗಿಸಿದರೆ ಉಳಿಯುವುದು ಸುಮಾರು 172. ಸಾವಿರ ಮಕ್ಕಳನ್ನೂ ಬಿಡಿಬಿಡಿಯಾಗಿ ಎಣಿಸಿದವರಿಗೆ ಇಲ್ಲದ ಫಲಿತಾಂಶವೂ ಇದ್ದಂತೆ ಕಾಣುತ್ತದೆ. ತರಗತಿಗೆ ಇನ್ನಷ್ಟು ಮಕ್ಕಳನ್ನು ತುಂಬಿದರೂ ಲಾಭ ಅಲ್ಪ, ಶಾಲೆಗಳೇ ಹೆಚ್ಚಬೇಕು.

ಹಾಗಾಗಿ ಸಂಶೋಧನಾ ಪ್ರಬಂಧದ ವಿಧಾನ ಭಾಗದಲ್ಲಿ ಮೂರು ಮಾತು ಇರಲೇಬೇಕು: ಹಂಚಿದ್ದು ಶಾಲೆಗಳನ್ನು, ವಿಶ್ಲೇಷಣೆಯ ಮಾದರಿಯಲ್ಲಿ ಶಾಲೆಯ ಪ್ರಭಾವವನ್ನು ಸೇರಿಸಿದ್ದು ಹೀಗೆ, ಐಸಿಸಿ ಇಷ್ಟು. ಶಾಲೆಗಳು ಕಡಿಮೆಯಿದ್ದರೆ ಅದಕ್ಕೆ ಮಾಡಿದ ತಿದ್ದುಪಡಿಯನ್ನೂ ಹೇಳಬೇಕು. ಬರೀ "1000 ಮಕ್ಕಳು" ಎಂದಿರುವ ವರದಿ ಕಂಡರೆ, ಶಾಲೆಗಳೆಷ್ಟು ಎಂದು ಮೊದಲು ಹುಡುಕಿ.