ಸ್ಕ್ಯಾನ್ ಮಾಡಿದ ವರದಿ: ಅಕ್ಷರದ ಜೊತೆ ಅಚ್ಚುಕಟ್ಟೂ ಉಳಿಯಲಿ

ಹಳೆಯ ಮುದ್ರಿತ ವರದಿಯನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್‌ನಂಥ ಒಸಿಆರ್ ತಂತ್ರಾಂಶಕ್ಕೆ ಕೊಟ್ಟರೆ ಕನ್ನಡದ ಅಕ್ಷರಗಳೂ ಟೈಪಾಗಿ ಬರುತ್ತವೆ. ಆದರೆ ಸರಳ ಪಠ್ಯದ ಕಡತದಲ್ಲಿ ದಪ್ಪಕ್ಷರದ ಶೀರ್ಷಿಕೆಯೂ ಅದರ ಕೆಳಗಿನ ವಾಕ್ಯವೂ ಒಂದೇ ಥರ ಕಾಣುತ್ತವೆ. ಯಾವುದು ಅಧ್ಯಾಯ, ಯಾವುದು ಉಪಶೀರ್ಷಿಕೆ ಎಂಬುದನ್ನು ಮೂಲ ಪುಟ ನೋಡಿ ನಾವೇ ಗುರುತು ಹಾಕಬೇಕು.

ಅದಕ್ಕೆ ಅನುಕೂಲವಾದದ್ದು 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್. ಕೀಲಿಮಣೆಯಲ್ಲಿರುವ ಚಿಹ್ನೆಗಳೇ ಇದರ ಬಂಡವಾಳ. ಸಾಲಿನ ಮೊದಲು `#` ಇದ್ದರೆ ಅಧ್ಯಾಯ, `##` ಇದ್ದರೆ ಉಪಶೀರ್ಷಿಕೆ. ಪದದ ಎರಡೂ ಬದಿ `**` ಹಾಕಿದರೆ ದಪ್ಪಕ್ಷರ. ಒಂದು ಕೆರೆಯ ವರದಿಯಲ್ಲಿ ಹೀಗೆ ಬರಬಹುದು:

```
## ಶಿಫಾರಸುಗಳು

1. ಕೆರೆಯ ಹೂಳು ತೆಗೆಸಬೇಕು.
2. **ತೂಬಿನ** ಬಾಗಿಲು ಬದಲಿಸಬೇಕು.
4. ಏರಿಯ ಬಿರುಕು ಮುಚ್ಚಿಸಬೇಕು.
```

ಇಲ್ಲಿ ಮೂರನೆಯ ಶಿಫಾರಸನ್ನು ಒಸಿಆರ್ ನುಂಗಿಹಾಕಿದೆ. ಆದರೆ ಪರದೆಯ ಮೇಲೆ ಅದು ಗೊತ್ತೇ ಆಗುವುದಿಲ್ಲ. ಮಾರ್ಕ್‌ಡೌನ್ ಪಟ್ಟಿಯ ಮೊದಲ ಅಂಕಿಯನ್ನಷ್ಟೇ ಗಮನಿಸಿ, ಮುಂದಿನವನ್ನು ತಾನೇ ಎಣಿಸಿಕೊಂಡು ಹೋಗುತ್ತದೆ. ಹಾಗಾಗಿ ನಾಲ್ಕನೆಯದು ಮೂರು ಎಂದು ಕಾಣಿಸುತ್ತದೆ. ವರದಿಯ ಬೇರೆಡೆ ‘4ನೇ ಶಿಫಾರಸು ನೋಡಿ’ ಎಂದಿದ್ದರೆ ಓದುಗ ಹುಡುಕುತ್ತಲೇ ಇರಬೇಕು. ಆದ್ದರಿಂದ ಅಂಕಿಗಳನ್ನು ಚೆಂದದ ನೋಟದಲ್ಲಿ ಅಲ್ಲ, ಕಚ್ಚಾ ಕಡತದಲ್ಲೇ ಮೂಲ ಪುಟದೊಂದಿಗೆ ತಾಳೆ ನೋಡಬೇಕು. ಮೂಲದಲ್ಲೇ ಅಂಕಿ ಹಾರಿದ್ದರೆ `4\.` ಎಂದು ಬರೆದು, ಆ ಸಾಲಿನ ಮೇಲೊಂದು ಖಾಲಿ ಸಾಲು ಬಿಟ್ಟರೆ ಅದು ಇದ್ದ ಹಾಗೇ ನಿಲ್ಲುತ್ತದೆ.

ಕನ್ನಡ ಅಂಕಿಗಳದು ಇನ್ನೊಂದು ತಕರಾರು. ‘೧.’, ‘೨.’ ಎಂದು ಶುರುವಾಗುವ ಸಾಲುಗಳನ್ನು ಮಾರ್ಕ್‌ಡೌನ್ ಪಟ್ಟಿಯೆಂದು ತಿಳಿಯುವುದಿಲ್ಲ. ಎಲ್ಲವನ್ನೂ ಸೇರಿಸಿ ಒಂದೇ ಪ್ಯಾರಾ ಮಾಡಿಬಿಡುತ್ತದೆ. ‘ಅ)’, ‘ಆ)’ ಎಂಬ ಉಪವಿಭಾಗಗಳ ಗತಿಯೂ ಅದೇ. ಮೂಲದ ಅಂಕಿ ಉಳಿಯಬೇಕಾದರೆ ಪ್ರತಿ ಅಂಶದ ನಡುವೆ ಖಾಲಿ ಸಾಲು ಬಿಡಿ. ನಿಜವಾದ ಪಟ್ಟಿಯೇ ಬೇಕಾದರೆ 1, 2 ಎಂದು ಬದಲಿಸಿ.

ಒತ್ತಕ್ಷರಕ್ಕೂ, ಅಂದರೆ ದಪ್ಪ ಅಥವಾ ಓರೆ ಅಕ್ಷರಕ್ಕೂ, ಕನ್ನಡದಲ್ಲಿ ಒಂದು ಎಚ್ಚರಿಕೆ ಬೇಕು. ಅದಕ್ಕೆ ಕೆಳಗೆರೆಯನ್ನೂ ಬಳಸಬಹುದು. ಆದರೆ ನಮ್ಮ ಪದಗಳಿಗೆ ಪ್ರತ್ಯಯ ಅಂಟಿಕೊಂಡೇ ಬರುತ್ತದೆ. `__ಕೆರೆ__ಯ` ಎಂದು ಬರೆದರೆ ಇಂದಿನ ಬಹುತೇಕ ತಂತ್ರಾಂಶಗಳಲ್ಲಿ ಪದ ದಪ್ಪವಾಗದೆ ಗೆರೆಗಳೇ ಉಳಿಯುತ್ತವೆ. `**ಕೆರೆ**ಯ` ಎಂದರೆ ಸರಿಯಾಗುತ್ತದೆ. ಎಲ್ಲೆಡೆ ನಕ್ಷತ್ರವನ್ನೇ ಬಳಸುವುದು ಕ್ಷೇಮ.

ಪ್ರತಿ ಪುಟದ ತಲೆಯಲ್ಲಿ ಮರುಕಳಿಸುವ ಹೆಸರು, ಪುಟಸಂಖ್ಯೆಗಳನ್ನು ಮೊದಲೇ ತೆಗೆದುಬಿಡಿ. ಇಲ್ಲದಿದ್ದರೆ ಅವು ವಾಕ್ಯದ ನಡುವೆ ನುಸುಳುತ್ತವೆ. ಸ್ಕ್ಯಾನ್ ಮಾಡಿದ ಚಿತ್ರವನ್ನು ಮಾತ್ರ ಅಳಿಸಬೇಡಿ. ಅನುಮಾನ ಬಂದಾಗ ಸಾಕ್ಷಿ ಹೇಳುವುದು ಅದೊಂದೇ.