ಕಂತಿನಲ್ಲಿ ಕೊಂಡ ಯಂತ್ರಕ್ಕೆ ಲೆಕ್ಕ ಬರೆಯುವ ಬಗೆ

ಬಾಡಿಗೆ ಖರೀದಿಯಲ್ಲಿ ವಸ್ತು ಮೊದಲ ದಿನವೇ ಕೊಳ್ಳುವವನ ಕೈಸೇರುತ್ತದೆ. ಒಡೆತನ ಮಾತ್ರ ಕೊನೆಯ ಕಂತು ಸಂದಾಯವಾದ ಮೇಲೆಯೇ. ಅಲ್ಲಿಯವರೆಗೆ ಕಾನೂನಿನ ಪ್ರಕಾರ ಅವನು ಬಾಡಿಗೆದಾರ. ಇಂಗ್ಲೆಂಡಿನ ಲಾರ್ಡ್ಸ್ ಸಭೆ 1895ರಲ್ಲಿ, ಹೆಲ್ಬಿ ಮತ್ತು ಮ್ಯಾಥ್ಯೂಸ್ ನಡುವಿನ ಮೊಕದ್ದಮೆಯಲ್ಲಿ, ಈ ಮಾತನ್ನು ಇತ್ಯರ್ಥ ಮಾಡಿತು. ಕಂತಿನ ಮೇಲೆ ಪಿಯಾನೊ ಪಡೆದಿದ್ದ ಒಬ್ಬಾತ ಕಂತು ಮುಗಿಯುವ ಮೊದಲೇ ಅದನ್ನು ಗಿರವಿ ಇಟ್ಟಿದ್ದ. ಪಿಯಾನೊ ಇನ್ನೂ ಕೊಟ್ಟವನದೇ, ಗಿರವಿ ಹಿಡಿದವನಿಗೆ ಅದರ ಮೇಲೆ ಹಕ್ಕಿಲ್ಲ ಎಂದು ತೀರ್ಪಾಯಿತು.

ಹಾಗಿದ್ದರೂ ಕೊಳ್ಳುವವನು ಆ ವಸ್ತುವನ್ನು ತನ್ನ ಪುಸ್ತಕದಲ್ಲಿ ಆಸ್ತಿ ಎಂದೇ ಬರೆಯುತ್ತಾನೆ. ಯಂತ್ರ ಓಡಿಸಿ ಸಂಪಾದಿಸುವವನು ಅವನು, ರಿಪೇರಿ ಮಾಡಿಸುವವನು ಅವನು, ಅದರ ಸವೆತ ತಟ್ಟುವುದೂ ಅವನಿಗೆ. ಲೆಕ್ಕಶಾಸ್ತ್ರ ಇಲ್ಲಿ ಕಾಗದದ ಮೇಲಿನ ಒಡೆತನಕ್ಕಿಂತ ವ್ಯವಹಾರದ ತಿರುಳನ್ನು ನೋಡುತ್ತದೆ. ಪೂರ್ಣ ಒಡೆತನ ಇನ್ನೂ ಬಂದಿಲ್ಲ ಎಂಬುದನ್ನು ಬ್ಯಾಲೆನ್ಸ್ ಶೀಟಿನಲ್ಲಿ ಯಂತ್ರದ ಹೆಸರಿನ ಪಕ್ಕದಲ್ಲೇ ತಿಳಿಸಿದರೆ ಸಾಕು.

ಒಂದು ಹಿಟ್ಟಿನ ಗಿರಣಿಯ ಲೆಕ್ಕವನ್ನು ತೆಗೆದುಕೊಳ್ಳೋಣ. ಗಿರಣಿಯವರು 2021ರ ಏಪ್ರಿಲ್ 1ರಂದು ಬೀಸುವ ಯಂತ್ರವೊಂದನ್ನು ಬಾಡಿಗೆ ಖರೀದಿಯಲ್ಲಿ ತರುತ್ತಾರೆ. ನಗದು ಕೊಟ್ಟು ಕೊಂಡಿದ್ದರೆ ಅದರ ಬೆಲೆ 4,00,000 ರೂಪಾಯಿ. ಒಪ್ಪಂದದ ಪ್ರಕಾರ ಅಂದೇ 69,000 ಕೊಟ್ಟು, ಮುಂದಿನ ಮೂರು ವರ್ಷ ಪ್ರತಿ ಮಾರ್ಚ್ 31ರಂದು 1,33,100 ರೂಪಾಯಿಯ ಕಂತು ಕಟ್ಟಬೇಕು. ಎಲ್ಲ ಕೂಡಿದರೆ 4,68,300. ನಗದು ಬೆಲೆಗಿಂತ ಹೆಚ್ಚಾಗಿರುವ 68,300 ಬಡ್ಡಿ. ಇದರ ದರ ವರ್ಷಕ್ಕೆ ಶೇಕಡಾ 10.

ಮೊದಲ ನಮೂದಿನಲ್ಲೇ ಬಹಳ ಜನ ಎಡವುತ್ತಾರೆ. ಕೊಡಬೇಕಾದದ್ದು 4,68,300 ಆದ್ದರಿಂದ ಯಂತ್ರದ ಬೆಲೆಯೂ ಅಷ್ಟೇ ಎಂದು ಬರೆದುಬಿಡುತ್ತಾರೆ. ಬಡ್ಡಿ ಯಂತ್ರದ ಬೆಲೆಯಲ್ಲ, ಹಣಕ್ಕೆ ಕಾದಿದ್ದಕ್ಕೆ ಕೊಡುವ ಪ್ರತಿಫಲ. ಕಾಲ ಕಳೆದಂತೆ ಅದು ಹುಟ್ಟುತ್ತದೆ, ಮೊದಲ ದಿನ ಒಂದು ರೂಪಾಯಿ ಬಡ್ಡಿಯೂ ಹುಟ್ಟಿರುವುದಿಲ್ಲ. ಆದ್ದರಿಂದ ಏಪ್ರಿಲ್ 1ರಂದು ಯಂತ್ರದ ಖಾತೆಗೆ ಡೆಬಿಟ್ 4,00,000, ಮಾರಾಟಗಾರನ ಖಾತೆಗೆ ಕ್ರೆಡಿಟ್ 4,00,000. ಮುಂಗಡ ಕೊಟ್ಟಾಗ ಮಾರಾಟಗಾರನ ಖಾತೆಗೆ ಡೆಬಿಟ್ 69,000, ಬ್ಯಾಂಕಿಗೆ ಕ್ರೆಡಿಟ್. ಮುಂಗಡ ಕೊಟ್ಟಾಗ ಯಾವ ಕಾಲವೂ ಕಳೆದಿರದ ಕಾರಣ ಅದರಲ್ಲಿ ಬಡ್ಡಿ ಸೇರಿಲ್ಲ. ಬಾಕಿ 3,31,000.

ವರ್ಷದ ಕೊನೆಗೆ ಮೂರು ಕೆಲಸ. ಬಾಕಿ 3,31,000ಕ್ಕೆ ಶೇಕಡಾ 10ರಂತೆ 33,100 ಬಡ್ಡಿ: ಬಡ್ಡಿ ಖಾತೆಗೆ ಡೆಬಿಟ್, ಮಾರಾಟಗಾರನಿಗೆ ಕ್ರೆಡಿಟ್. ಬಳಿಕ 1,33,100ರ ಕಂತು: ಮಾರಾಟಗಾರನಿಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಕಂತಿನಲ್ಲಿ 33,100 ಬಡ್ಡಿಗೆ ಹೋಗಿ, ಅಸಲಿನಿಂದ 1,00,000 ತೀರಿತು, ಬಾಕಿ 2,31,000. ಮೂರನೆಯದು ಸವಕಳಿ. ಯಂತ್ರಕ್ಕೆ ವರ್ಷಕ್ಕೆ ಶೇಕಡಾ 15ರಂತೆ ಉಳಿದ ಬೆಲೆಯ ಮೇಲೆ ಸವಕಳಿ ಹಾಕುವುದಾದರೆ ಮೊದಲ ವರ್ಷ 60,000, ಯಂತ್ರದ ಉಳಿದ ಬೆಲೆ 3,40,000. ಬಡ್ಡಿ, ಸವಕಳಿ ಎರಡೂ ಲಾಭ-ನಷ್ಟ ಖಾತೆಗೆ ಹೋಗುತ್ತವೆ. ಆ ವರ್ಷದ ವೆಚ್ಚ 93,100; ಕಂತೆಂದು ಕಟ್ಟಿದ 1,33,100 ಅಲ್ಲ.

ಸವಕಳಿಯನ್ನು ಇಡೀ 4,00,000ದ ಮೇಲೆ ಹಾಕಿರುವುದನ್ನು ಗಮನಿಸಬೇಕು. ಕಟ್ಟಿದ ಅಸಲು 1,69,000 ಮಾತ್ರ, ಅದರ ಮೇಲಷ್ಟೇ ಸವಕಳಿ ಸಾಲದೇ ಎಂಬ ಪ್ರಶ್ನೆ ಬರುವುದು ಸಹಜ. ಎಷ್ಟು ಕಂತು ಕಟ್ಟಿದೆ ಎಂಬುದನ್ನು ನೋಡಿ ಯಂತ್ರ ಸವೆಯುವುದಿಲ್ಲ. ಅದು ಮೊದಲ ದಿನದಿಂದಲೇ ಪೂರ್ತಿ ಬೀಸುತ್ತಿದೆ. ಕೆಲವರು ಯಂತ್ರದ ಬೆಲೆಯನ್ನು ಒಮ್ಮೆಗೇ ಬರೆಯದೆ, ಅಸಲು ತೀರಿದಷ್ಟು ಮಾತ್ರ ಆಸ್ತಿಗೆ ಸೇರಿಸುತ್ತ ಹೋಗುವುದೂ ಉಂಟು. ಆ ಪದ್ಧತಿಯಲ್ಲೂ ಸವಕಳಿ ಪೂರ್ಣ ನಗದು ಬೆಲೆಯ ಮೇಲೆಯೇ. ಅಲ್ಲಿ ಮೊದಲ ವರ್ಷದ ಕೊನೆಗೆ ಯಂತ್ರ 1,69,000ದಲ್ಲಿ 60,000 ಕಳೆದು 1,09,000 ಎಂದು ನಿಲ್ಲುತ್ತದೆ. ಮೊದಲ ಪದ್ಧತಿಯಲ್ಲಿ 3,40,000ದಿಂದ ಬಾಕಿ 2,31,000 ಕಳೆದರೂ ಅದೇ 1,09,000. ದಾರಿ ಬೇರೆಯಾದರೂ ನಿವ್ವಳ ಒಂದೇ. ಪೂರ್ಣ ಬೆಲೆಯ ಪದ್ಧತಿಯೇ ಮೇಲು, ಏಕೆಂದರೆ ಅದು ಯಂತ್ರವನ್ನೂ ಸಾಲವನ್ನೂ ಬೇರೆಬೇರೆಯಾಗಿ ಕಣ್ಣಮುಂದೆ ಇಡುತ್ತದೆ.

ಎರಡನೆಯ ವರ್ಷದ ಬಡ್ಡಿ 2,31,000ದ ಮೇಲೆ 23,100, ತೀರಿದ ಅಸಲು 1,10,000, ಬಾಕಿ 1,21,000. ಮೂರನೆಯ ವರ್ಷದ ಬಡ್ಡಿ 12,100, ಅಸಲು 1,21,000, ಬಾಕಿ ಸೊನ್ನೆ. ಸವಕಳಿ ಕ್ರಮವಾಗಿ 51,000 ಮತ್ತು 43,350. ಕೊನೆಗೆ ಯಂತ್ರದ ಬೆಲೆ 2,45,650. ಕಂತು ಒಂದೇ ಇದ್ದರೂ ಅದರೊಳಗಿನ ಬಡ್ಡಿ ಇಳಿಯುತ್ತ, ಅಸಲು ಏರುತ್ತ ಹೋಗುತ್ತದೆ. 68,300ನ್ನು ಮೂರರಿಂದ ಭಾಗಿಸಿ ಪ್ರತಿವರ್ಷ ಒಂದೇ ಬಡ್ಡಿ ಬರೆಯುವುದು ಈ ಕಾರಣಕ್ಕೇ ತಪ್ಪು: ಮೊದಲ ವರ್ಷದ ಲಾಭ ಇರಬೇಕಾದ್ದಕ್ಕಿಂತ ಹೆಚ್ಚಾಗಿ, ಕೊನೆಯ ವರ್ಷದ್ದು ಕಡಿಮೆಯಾಗಿ ಕಾಣುತ್ತದೆ. ಆದರೂ ಕೊನೆಗೆ ಮಾರಾಟಗಾರನ ಖಾತೆ ಸೊನ್ನೆಗೆ ಬಂದು ನಿಲ್ಲುವುದರಿಂದ ಈ ತಪ್ಪು ಅಲ್ಲಿ ಸಿಕ್ಕಿಬೀಳುವುದಿಲ್ಲ. ಪ್ರತಿವರ್ಷದ ಬಡ್ಡಿಯನ್ನು ಆ ವರ್ಷದ ಆರಂಭದ ಬಾಕಿಗೆ ಹೋಲಿಸಿ, ದರ ಒಂದೇ ಬರುತ್ತದೆಯೇ ಎಂದು ನೋಡಿದರೆ ತಿಳಿಯುತ್ತದೆ.

ಒಪ್ಪಂದದಲ್ಲಿ ಕಂತೂ ದರವೂ ಇದ್ದು, ನಗದು ಬೆಲೆ ಕಾಣದಿದ್ದರೆ ಲೆಕ್ಕವನ್ನು ಕೊನೆಯ ಕಂತಿನಿಂದ ಹಿಂದಕ್ಕೆ ನಡೆಸಬೇಕು. ದರ 10 ಆದ್ದರಿಂದ 100 ರೂಪಾಯಿ ಬಾಕಿ ವರ್ಷದ ಕೊನೆಗೆ 110 ಆಗುತ್ತದೆ. ಹಾಗಾಗಿ ಕೊನೆಯ ಕಂತಿನ 110ರಲ್ಲಿ 10 ಪಾಲು ಬಡ್ಡಿ. 1,33,100ರಲ್ಲಿ ಆ ಪಾಲು 12,100, ಮಿಕ್ಕ 1,21,000 ಅದರ ಹಿಂದಿನ ಬಾಕಿ. ಇದಕ್ಕೆ ಎರಡನೆಯ ಕಂತನ್ನು ಕೂಡಿಸಿ ಮತ್ತೆ ಅದೇ ಪಾಲು ತೆಗೆದರೆ 2,31,000, ಇನ್ನೊಮ್ಮೆ ಮಾಡಿದರೆ 3,31,000. ಮುಂಗಡ ಸೇರಿಸಿದರೆ 4,00,000.

ಕಂತಿನ ದಿನವೂ ಲೆಕ್ಕದ ವರ್ಷದ ಕೊನೆಯೂ ಒಂದೇ ಆಗಿರದಿದ್ದರೆ ಇನ್ನೊಂದು ನಮೂದು ಬೇಕಾಗುತ್ತದೆ. ಇದೇ ಯಂತ್ರವನ್ನು ಅಕ್ಟೋಬರ್ 1ರಂದು ತಂದಿದ್ದು, ಮೊದಲ ಕಂತು ಮುಂದಿನ ಸೆಪ್ಟೆಂಬರ್ ಕೊನೆಗೆ ಇದ್ದರೆ, ಮಾರ್ಚ್ 31ಕ್ಕೆ ಕೊಡಬೇಕಾದ ಕಂತು ಯಾವುದೂ ಇರುವುದಿಲ್ಲ. ಆದರೂ ಆರು ತಿಂಗಳ ಬಡ್ಡಿ 16,550 ಹುಟ್ಟಿರುತ್ತದೆ. ಅದನ್ನು ಕೊಡಬೇಕಾದ ಬಡ್ಡಿ ಎಂದು ಬರೆಯಬೇಕು. ಸವಕಳಿಯೂ ಆರು ತಿಂಗಳಿಗೆ 30,000.

ಕಂತು ತಪ್ಪಿ ಮಾರಾಟಗಾರ ಯಂತ್ರವನ್ನು ವಾಪಸು ಒಯ್ದರೂ ಅದೇ ಖಾತೆಗಳೇ ಸಾಕು. ಎರಡನೆಯ ಕಂತು ಕಟ್ಟಲಾಗದೆ 2023ರ ಮಾರ್ಚ್ 31ರಂದು ಯಂತ್ರ ಹೋಯಿತೆನ್ನಿ. ಆ ವರ್ಷದ ಬಡ್ಡಿ ಸೇರಿ ಬಾಕಿ 2,54,100, ಸವಕಳಿ ಕಳೆದ ಯಂತ್ರದ ಬೆಲೆ 2,89,000. ಮಾರಾಟಗಾರನ ಖಾತೆಗೆ 2,54,100 ಡೆಬಿಟ್ ಮಾಡಿ ಯಂತ್ರದ ಖಾತೆಗೆ ಕ್ರೆಡಿಟ್ ಮಾಡಿದರೆ ಸಾಲ ಮುಗಿಯುತ್ತದೆ. ಯಂತ್ರದ ಖಾತೆಯಲ್ಲಿ ಉಳಿದ 34,900 ನಷ್ಟವಾಗಿ ಲಾಭ-ನಷ್ಟ ಖಾತೆಗೆ ಹೋಗುತ್ತದೆ.