ಬೆರಳ ತುದಿಯಲ್ಲಿ 98, ಮೆದುಳಿಗೆ ಅರೆಹೊಟ್ಟೆ

ಡಿಸೆಂಬರ್ ತಿಂಗಳ ಬೆಂಗಳೂರಿನ ಒಂದು ಮುಂಜಾವನ್ನು ಊಹಿಸಿಕೊಳ್ಳಿ. ಬಾಡಿಗೆ ಮನೆಯ ಪುಟ್ಟ ಬಚ್ಚಲು, ಗೋಡೆಯಲ್ಲಿ ಗ್ಯಾಸ್ ಗೀಸರ್. ಚಳಿಗಾಳಿ ನುಗ್ಗುತ್ತದೆಂದು ಮೇಲಿನ ಕಿಂಡಿಗೆ ರಟ್ಟು ಸಿಕ್ಕಿಸಿದ್ದಾರೆ. ತಲೆಸ್ನಾನಕ್ಕೆಂದು ಒಳಹೋದ ಹೆಣ್ಣುಮಗಳು ಅರ್ಧ ಗಂಟೆಯಾದರೂ ಹೊರಗೆ ಬಂದಿಲ್ಲ. ಬಾಗಿಲು ಒಡೆದು ನೋಡಿದರೆ ನೆಲಕ್ಕೆ ಕುಸಿದಿದ್ದಾಳೆ. ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕುತ್ತಾರೆ. ಪರದೆಯ ಮೇಲೆ 98 ಎಂದು ಬರುತ್ತದೆ. ಆಕ್ಸಿಜನ್ ಹಚ್ಚುವ ಮುಂಚೆಯೇ ಅಪಧಮನಿಯಿಂದ ತೆಗೆದ ರಕ್ತದಲ್ಲಿ ಆಮ್ಲಜನಕದ ಒತ್ತಡ 95, ಅಂದರೆ ಆರೋಗ್ಯವಂತರಲ್ಲಿ ಇರುವಷ್ಟೇ. ಆದರೆ ಆಕೆಗೆ ಎಚ್ಚರವಿಲ್ಲ.

ಎರಡೂ ಯಂತ್ರಗಳು ಕೆಟ್ಟಿಲ್ಲ. ಆಕೆಯ ರಕ್ತದಲ್ಲಿ ನಡೆದಿರುವುದನ್ನು ಅಳೆಯುವ ಶಕ್ತಿ ಅವಕ್ಕಿಲ್ಲ, ಅಷ್ಟೆ.

ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿಯುತ್ತಾ ಹೋದಂತೆ ಗಾಳಿಯಲ್ಲಿನ ಆಮ್ಲಜನಕ ಇಳಿಯುತ್ತದೆ. ಉರಿ ಅರೆಬರೆಯಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದಿಲ್ಲ. ರಕ್ತದ ಕೆಂಪುಕಣಗಳಲ್ಲಿರುವ ಹಿಮೋಗ್ಲೋಬಿನ್‌ನ ಪ್ರತಿ ಅಣುವಿನಲ್ಲೂ ಕಬ್ಬಿಣ ಕೂತಿರುವ ನಾಲ್ಕು ಜಾಗಗಳಿವೆ. ಆಮ್ಲಜನಕ ಹತ್ತುವುದು ಅಲ್ಲಿಗೆ. ಕಾರ್ಬನ್ ಮಾನಾಕ್ಸೈಡ್ ಕೂಡ ಅದೇ ಜಾಗಕ್ಕೆ ಬರುತ್ತದೆ, ಅದೂ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಭಾಗ. ಅದರ ಇನ್ನೂರು ಚಿಲ್ಲರೆ ಪಾಲಿನಲ್ಲಿ ಒಂದು ಪಾಲು, ಅಂದರೆ ಶೇಕಡಾ 0.1ರಷ್ಟು ಕಾರ್ಬನ್ ಮಾನಾಕ್ಸೈಡ್ ಇದ್ದರೂ ಸಾಕು, ಕೆಲವು ಗಂಟೆಗಳಲ್ಲಿ ಹಿಮೋಗ್ಲೋಬಿನ್‌ನ ಅರ್ಧದಷ್ಟು ಜಾಗ ಅದರ ಪಾಲಾಗುತ್ತದೆ. ಸಣ್ಣ ಬಚ್ಚಲಿನಲ್ಲಿ ಅದರ ಪ್ರಮಾಣ ಇನ್ನೂ ಏರಬಹುದು. ಆಗ ಗಂಟೆಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ಹಾಗಾದರೆ ಒತ್ತಡ ಏಕೆ ಇಳಿಯಲಿಲ್ಲ? ಒತ್ತಡ ಎಂದು ಅಳೆಯುವುದು ರಕ್ತದ ನೀರಿನಂಶದಲ್ಲಿ ಕರಗಿರುವ ಆಮ್ಲಜನಕವನ್ನು ಮಾತ್ರ. ಶ್ವಾಸಕೋಶದ ಗಾಳಿಯಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ರಕ್ತದಲ್ಲಿ ಕರಗುವುದೂ ಮೊದಲಿನಷ್ಟೇ ಇರುತ್ತದೆ. ಹಿಮೋಗ್ಲೋಬಿನ್ ಯಾರ ವಶದಲ್ಲಿದೆ ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜನ ಎಷ್ಟು ನಿಂತಿದ್ದಾರೆಂದು ಎಣಿಸಿದರೆ ಬಸ್ಸಿನ ಸೀಟುಗಳಲ್ಲಿ ಕೂತವರು ಯಾರೆಂದು ತಿಳಿಯುವುದಿಲ್ಲವಲ್ಲ, ಹಾಗೆ. ಕರಗಿದ ಆಮ್ಲಜನಕವಾದರೂ ಎಷ್ಟು? 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 0.3 ಮಿಲಿಲೀಟರ್. ಹಿಮೋಗ್ಲೋಬಿನ್ ಹೊರುವುದು ಸುಮಾರು 20. ಬದುಕು ನಿಂತಿರುವುದು ಆ ಇಪ್ಪತ್ತರ ಮೇಲೆ.

ಇನ್ನೂ ಒಂದು ಆಪತ್ತಿದೆ. ಕೊರಳಿನ ಅಪಧಮನಿಯ ಪಕ್ಕ ಉಸಿರಾಟವನ್ನು ಕಾಯುವ ಪುಟ್ಟ ಕಾವಲುಗಾರನಿದ್ದಾನೆ. ಅವನು ಗಮನಿಸುವುದೂ ಮುಖ್ಯವಾಗಿ ಒತ್ತಡವನ್ನೇ. ಒತ್ತಡ ಸರಿಯಿದ್ದರೆ ಅವನು ಕೂಗೆಬ್ಬಿಸುವುದಿಲ್ಲ. ಹೀಗಾಗಿ ಉಸಿರು ಕಟ್ಟಿದ ಅನುಭವವಾಗುವುದಿಲ್ಲ. ತಲೆನೋವು, ವಾಕರಿಕೆ, ಮಂಪರು, ಕಾಲಲ್ಲಿ ನಿತ್ರಾಣ. ಬಾಗಿಲು ತೆಗೆಯಬೇಕು ಎಂದು ಹೊಳೆಯುವ ಹೊತ್ತಿಗೆ ಚಿಲಕ ಎಳೆಯುವ ತ್ರಾಣ ಉಳಿದಿರುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜೆ. ಎಸ್. ಹಾಲ್ಡೇನ್ ಇದನ್ನು ತನ್ನ ಮೈಮೇಲೆಯೇ ಪ್ರಯೋಗಿಸಿ ನೋಡಿದರು. ಅದರ ವರದಿ 1895ರಲ್ಲಿ ಪ್ರಕಟವಾಯಿತು. ಕಾರ್ಬನ್ ಮಾನಾಕ್ಸೈಡ್ ಬೆರೆತ ಗಾಳಿಯನ್ನು ಉಸಿರಾಡುತ್ತಾ, ನಡುನಡುವೆ ತನ್ನ ರಕ್ತದ ಹನಿ ತೆಗೆದು ಪರೀಕ್ಷಿಸುತ್ತಾ, ಹಿಮೋಗ್ಲೋಬಿನ್ ಅರ್ಧಕ್ಕಿಂತ ಹೆಚ್ಚು ವಿಷಗೊಳ್ಳುವವರೆಗೂ ಅವರು ಮುಂದುವರಿದರು. ಆ ಹಂತದಲ್ಲಿ ನೆಟ್ಟಗೆ ನಡೆಯುವುದೂ ಕಷ್ಟವಾಗಿತ್ತು. ವೇಲ್ಸ್‌ನ ಕಲ್ಲಿದ್ದಲು ಗಣಿಗಳ ಸ್ಫೋಟಗಳಲ್ಲಿ ಸತ್ತವರ ದೇಹಗಳನ್ನೂ ಪರೀಕ್ಷಿಸಿದ ಅವರು, ಬಹುಪಾಲು ಕಾರ್ಮಿಕರು ಸತ್ತದ್ದು ಸ್ಫೋಟದ ಹೊಡೆತಕ್ಕಲ್ಲ, ಅದರ ಹಿಂದೆಯೇ ಹರಡಿದ ಈ ಅನಿಲಕ್ಕೆ ಎಂದು 1896ರಲ್ಲಿ ತೋರಿಸಿಕೊಟ್ಟರು. ಎರಡು ಅನಿಲಗಳು ಹಿಮೋಗ್ಲೋಬಿನ್‌ಗಾಗಿ ಪೈಪೋಟಿ ನಡೆಸುವ ನಿಯಮವನ್ನು 1912ರಲ್ಲಿ ಮಂಡಿಸಿದಾಗ ಮಗ ಜೆ. ಬಿ. ಎಸ್. ಹಾಲ್ಡೇನ್ ಕೂಡ ಜೊತೆಗಿದ್ದರು. ಮುಂದೆ ಭಾರತಕ್ಕೆ ಬಂದು ಇಲ್ಲಿನ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು ಇವರೇ.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ರಕ್ತಹೀನತೆಯಿಂದ ಹಿಮೋಗ್ಲೋಬಿನ್ 15 ಗ್ರಾಂನಿಂದ 7.5ಕ್ಕೆ ಇಳಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಸುಸ್ತೆನ್ನುತ್ತಲೇ ನೀರು ಹೊರುತ್ತಾರೆ, ಗದ್ದೆಗೆ ಹೋಗುತ್ತಾರೆ. ಬಚ್ಚಲಿನ ಆ ಹೆಣ್ಣುಮಗಳಲ್ಲೂ ಕೆಲಸಕ್ಕೆ ಉಳಿದಿರುವುದು ಅರ್ಧ ಹಿಮೋಗ್ಲೋಬಿನ್ ಎಂದುಕೊಳ್ಳೋಣ. ಒಬ್ಬರು ನಡೆದಾಡುತ್ತಾರೆ, ಇನ್ನೊಬ್ಬರು ಕುಸಿಯುತ್ತಾರೆ. ಏಕೆ?

ಇಬ್ಬರ ರಕ್ತವೂ 100 ಮಿಲಿಲೀಟರಿಗೆ 10 ಮಿಲಿಲೀಟರ್ ಆಮ್ಲಜನಕ ಹೊತ್ತು ಹೊರಡುತ್ತದೆ. ಅಂಗಾಂಶಗಳಿಗೆ ಬೇಕಾದ್ದು ಸರಾಸರಿ 5. ರಕ್ತಹೀನತೆಯವರಲ್ಲಿ ಈ ಐದನ್ನು ಇಳಿಸಲು ಒತ್ತಡ ಸುಮಾರು 27ಕ್ಕೆ ಬಂದರೆ ಸಾಕು. ಆ ಒತ್ತಡದಲ್ಲೇ ಹಿಮೋಗ್ಲೋಬಿನ್ ತನ್ನ ಹೊರೆಯ ಅರ್ಧವನ್ನು ಬಿಟ್ಟುಕೊಡುತ್ತದೆ. ವಿಷಗೊಂಡ ರಕ್ತದ ಸ್ವಭಾವ ಬೇರೆ. ನಾಲ್ಕು ಜಾಗಗಳಲ್ಲಿ ಒಂದೆರಡನ್ನು ಕಾರ್ಬನ್ ಮಾನಾಕ್ಸೈಡ್ ಹಿಡಿದರೆ ಇಡೀ ಅಣುವಿನ ಆಕಾರವೇ ಬದಲಾಗಿ, ಉಳಿದ ಜಾಗಗಳಲ್ಲಿ ಕೂತ ಆಮ್ಲಜನಕದ ಮೇಲೂ ಹಿಡಿತ ಬಿಗಿಯಾಗುತ್ತದೆ. ಸಾಮಾನು ಮನೆ ಬಾಗಿಲಿಗೆ ಬಂದಿದೆ, ಆದರೆ ಗಾಡಿಯವನು ಇಳಿಸುತ್ತಿಲ್ಲ. ಅದೇ ಐದನ್ನು ಕಸಿದುಕೊಳ್ಳಬೇಕಾದರೆ ಒತ್ತಡ 20ಕ್ಕಿಂತಲೂ ಕೆಳಗಿಳಿಯಬೇಕು. ಅಷ್ಟು ಕಡಿಮೆ ಒತ್ತಡದಲ್ಲಿ, ಲೋಮನಾಳದಿಂದ ದೂರವಿರುವ ಮೆದುಳಿನ, ಹೃದಯದ ಜೀವಕೋಶಗಳಿಗೆ ಆಮ್ಲಜನಕವನ್ನು ತಳ್ಳುವ ಬಲ ಉಳಿಯುವುದಿಲ್ಲ. ಹೊರುವುದೂ ಅರ್ಧ, ಆ ಅರ್ಧದಲ್ಲಿ ಇಳಿಸುವುದೂ ಕಷ್ಟ. ರಕ್ತಹೀನತೆಗೂ ಈ ವಿಷಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಜೊತೆಗೆ, ರಕ್ತಹೀನತೆ ತಿಂಗಳುಗಟ್ಟಲೆ ಬೆಳೆಯುವುದರಿಂದ ದೇಹ ಹೊಂದಿಕೊಳ್ಳುತ್ತದೆ. ಇಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ.

ಬೆರಳಿನ ಕ್ಲಿಪ್ ಮೋಸಹೋಗುವುದು ಬಣ್ಣಕ್ಕೆ. ಅದು ಎರಡೇ ಬಗೆಯ ಬೆಳಕನ್ನು ಹಾಯಿಸಿ ರಕ್ತದ ಕೆಂಪನ್ನು ಅಳೆಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೂಡ ಆ ಬೆಳಕಿಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ನಷ್ಟೇ ಕೆಂಪಾಗಿ ಕಾಣುವುದರಿಂದ ಎರಡನ್ನೂ ಕೂಡಿಸಿ 98 ಎನ್ನುತ್ತದೆ. ಇನ್ನೂ ಹೆಚ್ಚು ಬಗೆಯ ಬೆಳಕಿನಿಂದ ರಕ್ತವನ್ನು ನೋಡುವ ಕೋ-ಆಕ್ಸಿಮೀಟರ್ ಮಾತ್ರ ಎರಡನ್ನೂ ಬೇರೆಬೇರೆಯಾಗಿ ಹೇಳಬಲ್ಲದು. ಆದರೆ ಆ ಪರೀಕ್ಷೆ ಮಾಡಿಸಬೇಕೆಂದು ವೈದ್ಯರಿಗೆ ತೋಚಬೇಕಾದರೆ ಗೀಸರ್ ವಿಷಯ ಅವರ ಕಿವಿಗೆ ಬಿದ್ದಿರಬೇಕು.

ಚಿಕಿತ್ಸೆಯೂ ಅದೇ ಪೈಪೋಟಿಯನ್ನು ತಿರುಗಿಸುವುದು. ಸಾಮಾನ್ಯ ಗಾಳಿಯಲ್ಲಿ ಈ ವಿಷ ರಕ್ತದಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಬಿಗಿಯಾದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ. ಆದ್ದರಿಂದ ಪರದೆಯಲ್ಲಿ 98 ಇದೆಯೆಂದು ಮಾಸ್ಕ್ ತೆಗೆಯುವುದು ದೊಡ್ಡ ತಪ್ಪು. ವಿಷ ರಕ್ತದಿಂದ ಹೋದ ಮೇಲೂ ಕೆಲವರಿಗೆ ವಾರಗಳ ನಂತರ ಮರೆವು, ನಡಿಗೆಯ ತೊಂದರೆ ಕಾಣಿಸಿಕೊಳ್ಳುವುದುಂಟು. ಮನೆಗೆ ಬಂದ ಮೇಲೂ ಅವರ ಮೇಲೆ ಕಣ್ಣಿಟ್ಟಿರಬೇಕು.

ಗ್ಯಾಸ್ ಗೀಸರ್ ಇದ್ದರೆ ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿ ಬದಲಾದ ಮೇಲೆ ಸ್ನಾನಕ್ಕೆ ಹೋಗಿ. ಯಾರಾದರೂ ಒಳಗೆ ಕುಸಿದಿದ್ದರೆ ಮೊದಲು ಬಾಗಿಲು ಕಿಟಕಿ ತೆರೆದು ಹೊರಗೆ ಎಳೆದುಕೊಳ್ಳಿ. ಆಸ್ಪತ್ರೆಗೆ ಕಾಲಿಟ್ಟ ತಕ್ಷಣ, ಯಾರೂ ಕೇಳದಿದ್ದರೂ, ಹೇಳಿಬಿಡಿ: "ಡಾಕ್ಟ್ರೇ, ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರೀತಿತ್ತು."